ಮೂವರ ಬಾಡಿಗೆ, ಒಬ್ಬರ ಪ್ಯಾನ್

ಜೂನ್ ಮುಗಿದು ಜುಲೈ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡದ ಕಂಪ್ಯೂಟರ್ ಸೆಂಟರ್‌ಗಳಲ್ಲಿ, ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಶಿಕ್ಷಕರು, ನಿವೃತ್ತರು, ಅಂಗಡಿಯವರು ಪಾಸ್‌ಬುಕ್ ಮತ್ತು ಫಾರಂ 16 ಹಿಡಿದು ಕುಳಿತಿರುತ್ತಾರೆ. ಪರದೆಯ ಮೇಲೆ ಅವರ ಹೆಸರಿನ ವಾರ್ಷಿಕ ಮಾಹಿತಿ ಪಟ್ಟಿ ತೆರೆದುಕೊಂಡಾಗ, ಪಿಂಚಣಿ ಮತ್ತು ಉಳಿತಾಯ ಖಾತೆಯ ಬಡ್ಡಿಯಂತಹ ಪರಿಚಿತ ಸಾಲುಗಳ ನಡುವೆ ಅವರಿಗೆ ಗುರುತೇ ಸಿಗದ, ಇಲ್ಲವೇ ಗುರುತು ಸಿಕ್ಕರೂ ಮೊತ್ತ ಹೊಂದದ ಒಂದು ಸಾಲು ಕಾಣಿಸುವುದುಂಟು. ಆ ಸಾಲನ್ನು ಹಾಗೆಯೇ ಒಪ್ಪಿಕೊಂಡು ತೆರಿಗೆ ಕಟ್ಟುವವರಿದ್ದಾರೆ, ಅದನ್ನು ಕಂಡೂ ಕಾಣದಂತೆ ಬಿಟ್ಟು ರಿಟರ್ನ್ ಸಲ್ಲಿಸುವವರೂ ಇದ್ದಾರೆ. ಎರಡೂ ಸರಿಯಾದ ದಾರಿಯಲ್ಲ, ಏಕೆಂದರೆ ರಿಟರ್ನ್ ಸಲ್ಲಿಸುವ ಮೊದಲೇ ಆ ಸಾಲಿನ ಎದುರು ‘ಇದು ತಪ್ಪು’ ಎಂದು ಕಾರಣಸಹಿತ ದಾಖಲಿಸುವ ಅವಕಾಶ ಅದೇ ಪುಟದಲ್ಲಿದೆ.

ಪಟ್ಟಿ ಬರೆಯುವವರು ಯಾರು

ಸಾಮಾನ್ಯವಾಗಿ ಎಐಎಸ್ ಎಂದೇ ಕರೆಯಲಾಗುವ ಈ ವಾರ್ಷಿಕ ಮಾಹಿತಿ ಪಟ್ಟಿಯನ್ನು ಆದಾಯ ತೆರಿಗೆ ಇಲಾಖೆ 2021ರ ನವೆಂಬರ್‌ನಲ್ಲಿ ತನ್ನ ಜಾಲತಾಣದಲ್ಲಿ ಬಳಕೆಗೆ ತಂದಿತು. 1961ರ ಆದಾಯ ತೆರಿಗೆ ಕಾಯ್ದೆಯ 285ಬಿಬಿ ಕಲಂ ಆಗ ಇದಕ್ಕೆ ಆಧಾರವಾಗಿತ್ತು. ಒಬ್ಬ ವ್ಯಕ್ತಿಯ ಪ್ಯಾನ್ ಸಂಖ್ಯೆಯನ್ನು ಉಲ್ಲೇಖಿಸಿ ಬ್ಯಾಂಕು, ಕಂಪನಿ, ಉಪನೋಂದಣಾಧಿಕಾರಿ, ನಿಗಮ ಮುಂತಾದವರು ಇಲಾಖೆಗೆ ಕಳುಹಿಸಿದ ವರದಿಗಳೆಲ್ಲ ಇಲ್ಲಿ ಒಂದೆಡೆ ಸೇರುತ್ತವೆ. ಆದ್ದರಿಂದ ಇದು ಇಲಾಖೆಯ ತೀರ್ಮಾನವಲ್ಲ, ಬೇರೆಯವರು ಹೇಳಿದ ಮಾತಿನ ಸಂಗ್ರಹ ಮಾತ್ರ ಎಂಬುದನ್ನು ಮೊದಲು ಗ್ರಹಿಸಬೇಕು.

ಬ್ಯಾಂಕುಗಳು ಬಡ್ಡಿಯ ವಾರ್ಷಿಕ ವರದಿಯನ್ನೂ, ತೆರಿಗೆ ಮುರಿದುಕೊಂಡವರು ಮಾರ್ಚ್ ತ್ರೈಮಾಸಿಕದ ಟಿಡಿಎಸ್ ವಿವರವನ್ನೂ, ಅಂದರೆ ಹಣ ಪಾವತಿಸುವಾಗಲೇ ಹಿಡಿದುಕೊಂಡ ತೆರಿಗೆಯ ವಿವರವನ್ನೂ ಸಲ್ಲಿಸಲು ಮೇ 31 ಕಡೆಯ ದಿನವಾಗಿರುವುದರಿಂದ, ಏಪ್ರಿಲ್‌ನಲ್ಲೋ ಮೇ ತಿಂಗಳಲ್ಲೋ ತೆರೆದ ಪಟ್ಟಿ ಅರ್ಧ ತುಂಬಿದ್ದಷ್ಟೇ ಆಗಿರುತ್ತದೆ. ಜೂನ್ ನಡುವಿನ ನಂತರ ನೋಡುವುದು, ರಿಟರ್ನ್ ಸಲ್ಲಿಸುವ ದಿನ ಇನ್ನೊಮ್ಮೆ ನೋಡುವುದು ಅನುಭವಸ್ಥರ ಪದ್ಧತಿ.

ಇದರ ಜೊತೆಗೇ ಟಿಐಎಸ್ ಎಂಬ ಇನ್ನೊಂದು ಪುಟವಿದೆ. ಎಐಎಸ್‌ನಲ್ಲಿ ಬಿಡಿಬಿಡಿಯಾಗಿರುವ ಸಾಲುಗಳನ್ನು ಬಡ್ಡಿ, ಬಾಡಿಗೆ, ಲಾಭಾಂಶ ಎಂದು ಗುಂಪು ಮಾಡಿ ಒಟ್ಟು ತೋರಿಸುವ ಸಾರಾಂಶವದು. ಅದರಲ್ಲಿ ಇಲಾಖೆಯ ಗಣಕ ವ್ಯವಸ್ಥೆ ಲೆಕ್ಕ ಹಾಕಿದ ಮೊತ್ತ ಒಂದು ಅಂಕಣದಲ್ಲಿಯೂ ತೆರಿಗೆದಾರರು ಒಪ್ಪಿದ ಮೊತ್ತ ಇನ್ನೊಂದು ಅಂಕಣದಲ್ಲಿಯೂ ಇರುತ್ತವೆ. ರಿಟರ್ನ್ ನಮೂನೆಯಲ್ಲಿ ಮೊದಲೇ ತುಂಬಿ ಬರುವ ಅಂಕಿಗಳಿಗೆ ಈ ಸಾರಾಂಶವೇ ಮೂಲವಾದ್ದರಿಂದ, ಇಲ್ಲಿ ತಪ್ಪಿದ್ದರೆ ಅದು ಸದ್ದಿಲ್ಲದೆ ರಿಟರ್ನ್‌ಗೂ ಇಳಿಯುತ್ತದೆ.

ಪಾವಗಡದ ಜಮೀನಿನ ಒಂದು ಲೆಕ್ಕ

ಪಟ್ಟಿಯಲ್ಲಿ ತಪ್ಪು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ತುಂಬ ಹತ್ತಿರದ ನಿದರ್ಶನ ಪಾವಗಡದಲ್ಲಿದೆ. ತಿರುಮಣಿ, ವಳ್ಳೂರು, ಬಾಲಸಮುದ್ರ ಸೇರಿದಂತೆ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಹರಡಿಕೊಂಡಿದೆ. ಮೊದಲ ಹಂತಕ್ಕೆ 2018ರ ಮಾರ್ಚ್‌ನಲ್ಲಿ ಚಾಲನೆ ದೊರೆತ ಈ ಯೋಜನೆಗೆ ಜಮೀನನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಮೂಲ ದರದಲ್ಲಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆಯೊಂದಿಗೆ, 28 ವರ್ಷಗಳ ಗುತ್ತಿಗೆಗೆ ಪಡೆಯಲಾಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಶೇಂಗಾ ಬಿತ್ತಿ ಬೀಜದ ಹಣವನ್ನೂ ಕಳೆದುಕೊಂಡ ಕುಟುಂಬಗಳಿಗೆ ಇದು ಖಚಿತ ಆದಾಯವಾಯಿತು. ಆದರೆ ಖಚಿತ ಆದಾಯಕ್ಕೆ ಕಾಗದದ ಗುರುತೂ ಖಚಿತವಾಗಿಯೇ ಬೀಳುತ್ತದೆ.

ಈ ಸೀಮೆಯಲ್ಲಿ ತಂದೆ ತೀರಿಹೋದ ಮೇಲೆ ಪೌತಿ ಖಾತೆ ಹಿರಿಯ ಮಗನ ಒಬ್ಬನ ಹೆಸರಿಗೆ ಆಗುವುದು, ತಮ್ಮಂದಿರ ಪಾಲು ಮನೆಯ ಮಾತಿನಲ್ಲಿಯೋ ವಿಭಾಗ ಪತ್ರದಲ್ಲಿಯೋ ಉಳಿಯುವುದು ವಾಡಿಕೆ. ಗುತ್ತಿಗೆ ಹಣ ಖಾತೆದಾರನ ಪ್ಯಾನ್‌ಗೆ ಸಂದಾಯವಾದರೆ ಎಐಎಸ್‌ನಲ್ಲಿಯೂ ಆತನೊಬ್ಬನ ಹೆಸರೇ ಮೂಡುತ್ತದೆ.

ಲೆಕ್ಕ ಅರ್ಥವಾಗಲೆಂದು ಒಂದು ಕಲ್ಪಿತ ಕುಟುಂಬವನ್ನು ಎದುರಿಗಿಟ್ಟುಕೊಳ್ಳಬಹುದು. ಮೂವರು ಅಣ್ಣತಮ್ಮಂದಿರಿಗೆ ಸೇರಿದ 12 ಎಕರೆ ಪಿತ್ರಾರ್ಜಿತ ಜಮೀನು ಸೌರ ಗುತ್ತಿಗೆಯಲ್ಲಿದೆ, ನೋಂದಾಯಿತ ವಿಭಾಗ ಪತ್ರದ ಪ್ರಕಾರ ಪ್ರತಿಯೊಬ್ಬರಿಗೂ 4 ಎಕರೆ ಬಂದಿದೆ, ಆದರೆ ಖಾತೆ ಬದಲಾಗದೆ ಗುತ್ತಿಗೆ ಕರಾರು ಅಣ್ಣನ ಹೆಸರಿನಲ್ಲೇ ಮುಂದುವರಿದಿದೆ. ಏರಿಕೆಗಳನ್ನು ಬದಿಗಿಟ್ಟು ಮೂಲ ದರದಲ್ಲೇ ಎಣಿಸಿದರೂ ವರ್ಷದ ಬಾಡಿಗೆ 2,52,000 ರೂಪಾಯಿ. 2024–25ರ ಆರ್ಥಿಕ ವರ್ಷದಲ್ಲಿ ವಾರ್ಷಿಕ ಬಾಡಿಗೆ 2,40,000 ದಾಟಿದರೆ ಶೇ 10ರ ಟಿಡಿಎಸ್ ಮುರಿಯಬೇಕಿತ್ತು. ಹಾಗಾಗಿ 25,200 ರೂಪಾಯಿ ತೆರಿಗೆ ಕಡಿತದೊಂದಿಗೆ ಇಡೀ 2,52,000 ಅಣ್ಣನ ಎಐಎಸ್‌ನಲ್ಲಿ ಬಾಡಿಗೆ ಆದಾಯವೆಂದು ಕಾಣಿಸುತ್ತದೆ.

ಅಣ್ಣ ಮಧುಗಿರಿಯಲ್ಲಿ ನೆಲೆಸಿದ ನಿವೃತ್ತ ಶಿಕ್ಷಕ, ಆತನ ಪಿಂಚಣಿ ವರ್ಷಕ್ಕೆ 6,00,000 ಎಂದಿಟ್ಟುಕೊಂಡರೆ, ಹೊಸ ತೆರಿಗೆ ಪದ್ಧತಿಯಲ್ಲಿ 75,000ದ ಪ್ರಮಾಣಿತ ಕಡಿತ ಕಳೆದು ಉಳಿಯುವುದು 5,25,000. ಇದಕ್ಕೆ ಇಡೀ ಬಾಡಿಗೆ ಸೇರಿದರೆ ಆದಾಯ 7,77,000 ಆಗಿ, ಆ ವರ್ಷದ ರಿಯಾಯಿತಿ ಮಿತಿಯಾದ 7 ಲಕ್ಷವನ್ನು ದಾಟುತ್ತದೆ ಮತ್ತು ಸೆಸ್ ಸೇರಿ ಸುಮಾರು 28,800 ರೂಪಾಯಿ ತೆರಿಗೆ ಬೀಳುತ್ತದೆ. ಆತನ ನಿಜವಾದ ಪಾಲು 84,000 ಮಾತ್ರ ಸೇರಿದರೆ ಆದಾಯ 6,09,000 ಆಗಿ, ರಿಯಾಯಿತಿಯ ಕಾರಣ ತೆರಿಗೆ ಸೊನ್ನೆಯಾಗುತ್ತದೆ. ಒಂದು ಸಾಲನ್ನು ತಿದ್ದದೆ ಬಿಟ್ಟ ಬೆಲೆ ಇಲ್ಲಿ ಒಂದು ಎಕರೆಯ ವಾರ್ಷಿಕ ಗುತ್ತಿಗೆಗಿಂತ ಹೆಚ್ಚು.

ಆಯ್ಕೆ ಮಾಡುವುದೇ ಮುಖ್ಯ ಕೆಲಸ

ಆದಾಯ ತೆರಿಗೆ ಜಾಲತಾಣಕ್ಕೆ ಪ್ರವೇಶಿಸಿ ಮೇಲಿನ ಪಟ್ಟಿಯಲ್ಲಿರುವ AIS ಅನ್ನು ಒತ್ತಿದರೆ ಪ್ರತ್ಯೇಕ ಪುಟ ತೆರೆಯುತ್ತದೆ. ಸರಿಯಾದ ಆರ್ಥಿಕ ವರ್ಷವನ್ನು ಆರಿಸಿ, ಬಾಡಿಗೆಯ ಗುಂಪನ್ನು ಬಿಡಿಸಿದಾಗ ಪಾವತಿಸಿದವರ ಹೆಸರು, ಮೊತ್ತ, ದಿನಾಂಕಗಳು ಕಾಣುತ್ತವೆ. ಪ್ರತಿ ಸಾಲಿನ ಕೊನೆಗೆ Feedback ಎಂಬ ಅಂಕಣದಡಿ Optional ಎಂಬ ಗುಂಡಿಯಿದೆ. ಪ್ರತಿಕ್ರಿಯೆ ಕಡ್ಡಾಯವಲ್ಲ ಎಂಬುದನ್ನು ಸೂಚಿಸುವ ಆ ಪದವನ್ನು ನೋಡಿ ಅದು ಒತ್ತಬೇಕಾದ ಗುಂಡಿ ಎಂಬುದೇ ಅನೇಕರಿಗೆ ಹೊಳೆಯುವುದಿಲ್ಲ. ಒತ್ತಿದರೆ ಆಯ್ಕೆಗಳು ಇಳಿಯುತ್ತವೆ, ಮತ್ತು ಅವುಗಳಲ್ಲಿ ಯಾವುದನ್ನು ಆರಿಸಲಾಗುತ್ತದೆ ಎಂಬುದೇ ಕಾರಣವನ್ನು ಹೇಳುವ ಮೊದಲ ಮಾತಾಗುತ್ತದೆ.

ಮೇಲಿನ ಉದಾಹರಣೆಯಲ್ಲಿ ಬಾಡಿಗೆ ಬಂದಿದ್ದು ನಿಜ, ಅದರಲ್ಲಿ ಒಂದು ಭಾಗ ಅಣ್ಣನದೇ ಎಂಬುದೂ ನಿಜ. ಆದ್ದರಿಂದ ‘Information is denied’, ಅಂದರೆ ಇಂತಹ ವ್ಯವಹಾರವೇ ನಡೆದಿಲ್ಲ ಎಂಬ ಆಯ್ಕೆ ಸುಳ್ಳಾಗುತ್ತದೆ. ಆತ ಆರಿಸಬೇಕಾದದ್ದು ‘Information is not fully correct’. ಅದರಡಿ ಮೊತ್ತದ ಜಾಗದಲ್ಲಿ 84,000 ಎಂದು ತನ್ನ ಪಾಲನ್ನು ನಮೂದಿಸಿ ಸಲ್ಲಿಸಬೇಕು. ಇಡೀ ಮೊತ್ತ ಬೇರೊಬ್ಬರದೇ ಆಗಿದ್ದರೆ, ಉದಾಹರಣೆಗೆ ಜಮೀನು ವಿಭಾಗವಾಗದೆ ಹಿಂದೂ ಅವಿಭಕ್ತ ಕುಟುಂಬಕ್ಕೆ ಸೇರಿದ್ದು ಆ ಕುಟುಂಬಕ್ಕೆ ಪ್ರತ್ಯೇಕ ಪ್ಯಾನ್ ಇದ್ದರೆ, ಆಗ ‘Information relates to other PAN/Year’ ಎಂಬುದನ್ನು ಆರಿಸಿ ಆ ಪ್ಯಾನ್ ಮತ್ತು ವರ್ಷವನ್ನು ಕೊಡಬೇಕು. ಶಿರಾದಲ್ಲಿರುವ ತಾಯಿಯ ಹಣದ ಠೇವಣಿಗೆ ಮಗನ ಪ್ಯಾನ್ ಕೊಟ್ಟು ಅದರ ಬಡ್ಡಿ ಮಗನ ಪಟ್ಟಿಗೆ ಬಂದಿರುವಂತಹ ಸಂದರ್ಭಕ್ಕೂ ಇದೇ ಆಯ್ಕೆ. ಆದರೆ ಗಂಡ ತನ್ನ ಹಣವನ್ನೇ ಹೆಂಡತಿಯ ಹೆಸರಿನಲ್ಲಿ ಇಟ್ಟಿದ್ದರೆ ಆ ಬಡ್ಡಿಯನ್ನು ಕಾಯ್ದೆಯ 64ನೇ ಕಲಂ ಗಂಡನ ಆದಾಯಕ್ಕೇ ಸೇರಿಸುತ್ತದೆ, ಅದನ್ನು ಹೆಂಡತಿಯದೆಂದು ತೋರಿಸಲಾಗದು.

ಒಂದೇ ಬಡ್ಡಿ ಟಿಡಿಎಸ್ ವಿಭಾಗದಲ್ಲಿ ಒಮ್ಮೆ, ಬ್ಯಾಂಕಿನ ವಾರ್ಷಿಕ ವರದಿಯಿಂದ ಇನ್ನೊಮ್ಮೆ ಬಂದಿದ್ದರೆ ಅದಕ್ಕೆ ಪುನರಾವರ್ತನೆ ಎಂಬ ಬೇರೆಯೇ ಆಯ್ಕೆಯಿದೆ. ಬಹುಪಾಲು ಸಂದರ್ಭಗಳಲ್ಲಿ ಗಣಕ ವ್ಯವಸ್ಥೆಯೇ ಇದನ್ನು ಗುರುತಿಸಿ ಒಂದನ್ನು ಲೆಕ್ಕದಿಂದ ಬಿಡುತ್ತದೆ, ಹಾಗಾಗಿ ಟಿಐಎಸ್‌ನ ಒಟ್ಟು ಮೊತ್ತವನ್ನು ನೋಡದೆ ಆತುರದಲ್ಲಿ ಪುನರಾವರ್ತನೆ ಎಂದು ಬರೆಯಬಾರದು.

ತೆರಿಗೆ ಇಲ್ಲವೆಂಬ ಆಯ್ಕೆಯ ಅಪಾಯ

ಪಾವಗಡದ ಬಾಡಿಗೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ‘Income is not taxable’ ಎಂಬ ಆಯ್ಕೆಯ ಬಳಿ. ಜಮೀನು ಕೃಷಿ ಜಮೀನು, ಪಹಣಿಯಲ್ಲಿ ಹಾಗೆಯೇ ಇದೆ, ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಆದ್ದರಿಂದ ಈ ಬಾಡಿಗೆಗೂ ಇಲ್ಲ ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಕಾಯ್ದೆ ಜಮೀನಿನ ಹೆಸರನ್ನಲ್ಲ, ಬಳಕೆಯನ್ನು ನೋಡುತ್ತದೆ. ಕೃಷಿಗೆ ಬಳಸುವ ಭೂಮಿಯಿಂದ ಬರುವ ಬಾಡಿಗೆ ಮಾತ್ರ ಕೃಷಿ ಆದಾಯ. ಸೌರ ಫಲಕಗಳು ನಿಂತ ನೆಲದ ಬಾಡಿಗೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ, ಅದು ಇತರ ಮೂಲಗಳ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ. ಅದನ್ನು ತೆರಿಗೆ ಇಲ್ಲದ್ದೆಂದು ಗುರುತಿಸಿದರೆ ಸಾರಾಂಶದಲ್ಲಿ ಮೊತ್ತ ಇಳಿಯಬಹುದು, ಹೊಣೆ ಇಳಿಯುವುದಿಲ್ಲ.

ಅದೇ ಆಯ್ಕೆ ನ್ಯಾಯವಾಗಿ ಸಲ್ಲುವ ಸಂದರ್ಭವೂ ಇದೇ ಸೀಮೆಯಲ್ಲಿದೆ. ಕೊರಟಗೆರೆ, ಮಧುಗಿರಿ, ಪಾವಗಡ ತಾಲ್ಲೂಕುಗಳಲ್ಲಿ ಸಾಗುವ ತುಮಕೂರು–ರಾಯದುರ್ಗ ರೈಲು ಮಾರ್ಗದಂತಹ ಸಾರ್ವಜನಿಕ ಕಾಮಗಾರಿಗಳಿಗೆ ಜಮೀನು ಬಿಟ್ಟವರ ಪರಿಹಾರವು 2013ರ ಭೂಸ್ವಾಧೀನ ಕಾಯ್ದೆಯಡಿ ಐತೀರ್ಪಾಗಿ ಬಂದಿದ್ದರೆ, ಆ ಕಾಯ್ದೆಯ 96ನೇ ಕಲಂ ಅದಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡುತ್ತದೆ. ನೇರ ತೆರಿಗೆಗಳ ಕೇಂದ್ರ ಮಂಡಳಿಯೂ 2016ರ 36ನೇ ಸುತ್ತೋಲೆಯಲ್ಲಿ ಇದನ್ನು ಒಪ್ಪಿದೆ. ಅಂತಹ ಪರಿಹಾರದ ಸಾಲಿಗೆ ‘Income is not taxable’ ಎಂದು ಗುರುತಿಸಿ, ರಿಟರ್ನ್‌ನ ವಿನಾಯಿತಿ ಆದಾಯದ ಪಟ್ಟಿಯಲ್ಲಿ ಮೊತ್ತ ತೋರಿಸಬೇಕು. ಸ್ವಾಧೀನ ಯಾವ ಕಾಯ್ದೆಯಡಿ ಆಯಿತೆಂಬುದು ಐತೀರ್ಪಿನ ಪ್ರತಿಯಲ್ಲೇ ಬರೆದಿರುವುದರಿಂದ ಮೊದಲು ಅದನ್ನು ಓದಬೇಕು.

ಪುರಾವೆಯ ಕಡತ

ಪ್ರತಿಕ್ರಿಯೆ ಸಲ್ಲಿಸುವುದು ಕೆಲವು ಕ್ಷಣಗಳ ಕೆಲಸ, ಆದರೆ ಅದರ ಹಿಂದೆ ಇರಬೇಕಾದ ಕಾಗದಗಳನ್ನು ಕೂಡಿಸುವುದು ದಿನಗಳ ಕೆಲಸ. ಇಲಾಖೆ ಕೇಳಿದಾಗ ತೋರಿಸಲು ಸಾಧ್ಯವಾಗದ ಯಾವ ಪ್ರತಿಕ್ರಿಯೆಯನ್ನೂ ಸಲ್ಲಿಸದಿರುವುದು ಒಳ್ಳೆಯದು, ಹಾಗಾಗಿ ಕ್ರಮದಲ್ಲಿ ಕಡತ ಮೊದಲು, ಗುಂಡಿ ಆಮೇಲೆ.

ಮೂವರು ಅಣ್ಣತಮ್ಮಂದಿರ ಉದಾಹರಣೆಯಲ್ಲಿ ಕಡತದ ಬೆನ್ನೆಲುಬು ವಿಭಾಗ ಪತ್ರ. ಅದರೊಂದಿಗೆ ವಂಶವೃಕ್ಷ, ಪಹಣಿ, ಗುತ್ತಿಗೆ ಕರಾರಿನ ಪ್ರತಿ, ಬಾಡಿಗೆ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಮತ್ತು ಅಲ್ಲಿಂದ ತಮ್ಮಂದಿರ ಖಾತೆಗಳಿಗೆ ಅವರವರ ಪಾಲು ವರ್ಗಾವಣೆಯಾದ ದಾಖಲೆ ಇರಬೇಕು. ಕೈಯಲ್ಲಿ ಎಣಿಸಿಕೊಟ್ಟ ಹಣಕ್ಕೆ ಮನೆಯವರ ನಂಬಿಕೆ ಸಾಕು, ಇಲಾಖೆಯ ಪ್ರಶ್ನೆಗೆ ಸಾಲದು.

ಇಲ್ಲಿ ಒಂದು ಸೂಕ್ಷ್ಮ ಭೇದವನ್ನು ಬಿಡುವಂತಿಲ್ಲ. ಹಣ ಹಂಚಿಕೊಂಡಿದ್ದರಿಂದಷ್ಟೇ ಆದಾಯ ಹಂಚಿಹೋಗುವುದಿಲ್ಲ. ಜಮೀನು ಅಣ್ಣನ ಸ್ವಯಾರ್ಜಿತವಾಗಿದ್ದು, ಆತ ಪ್ರೀತಿಯಿಂದ ತಮ್ಮಂದಿರಿಗೆ ಪಾಲು ಕೊಡುತ್ತಿದ್ದರೆ ಇಡೀ ಬಾಡಿಗೆ ಆತನದೇ ಆದಾಯ, ಕೊಟ್ಟದ್ದು ಆದಾಯ ಕೈಗೆ ಬಂದ ಮೇಲಿನ ಖರ್ಚು. ಆಗ ಎಐಎಸ್‌ನ ಸಾಲು ಸರಿಯಾಗಿಯೇ ಇದೆ ಮತ್ತು ಅದನ್ನು ತಪ್ಪೆಂದು ಗುರುತಿಸುವುದೇ ತಪ್ಪು. ಬಾಡಿಗೆ ಯಾರದು ಎಂಬುದು ಭೂಮಿಯ ಹಕ್ಕು ಯಾರದು ಎಂಬುದರಿಂದ ತೀರ್ಮಾನವಾಗುತ್ತದೆ.

ಪ್ರಶ್ನೆ ಮೂಲಕ್ಕೆ ಹೋದಾಗ

ಪ್ರತಿಕ್ರಿಯೆ ಸಲ್ಲಿಸಿದ ಕೂಡಲೇ ಸ್ವೀಕೃತಿ ಬರುತ್ತದೆ, ಪುಟದ Activity History ಭಾಗದಲ್ಲಿ ಅದರ ದಾಖಲೆ ಉಳಿಯುತ್ತದೆ. ಟಿಐಎಸ್‌ನಲ್ಲಿ ಒಪ್ಪಿದ ಮೊತ್ತ ಬದಲಾಗುತ್ತದೆ. ತಪ್ಪಾಗಿ ಆರಿಸಿದ್ದರೆ ಪ್ರತಿಕ್ರಿಯೆಯನ್ನು ಮತ್ತೆ ಬದಲಿಸಲೂ ಬಹುದು. ಪಟ್ಟಿಯನ್ನು ಪಿಡಿಎಫ್ ರೂಪದಲ್ಲಿ ಇಳಿಸಿಕೊಂಡರೆ ಅದನ್ನು ತೆರೆಯಲು ಸಣ್ಣಕ್ಷರಗಳಲ್ಲಿ ಪ್ಯಾನ್ ಮತ್ತು ಅದಕ್ಕೆ ಅಂಟಿಸಿ ಎಂಟು ಅಂಕಿಗಳ ಹುಟ್ಟಿದ ದಿನಾಂಕವನ್ನು ಹೊಡೆಯಬೇಕು.

ಮೊದಲು ಪ್ರತಿಕ್ರಿಯೆಯ ಮುಂದಿನ ಗತಿ ತೆರಿಗೆದಾರರಿಗೆ ತಿಳಿಯುತ್ತಿರಲಿಲ್ಲ. 2024ರ ಮೇ ತಿಂಗಳಲ್ಲಿ ಇಲಾಖೆ ಹೊಸ ಸೌಲಭ್ಯ ಸೇರಿಸಿ, ಪ್ರತಿಕ್ರಿಯೆಯನ್ನು ಮೂಲ ಸಂಸ್ಥೆಗೆ, ಅಂದರೆ ವರದಿ ಕಳುಹಿಸಿದವರಿಗೆ, ದೃಢೀಕರಣಕ್ಕಾಗಿ ಕಳುಹಿಸಲಾಗಿದೆಯೇ, ಯಾವ ದಿನ, ಅವರು ಉತ್ತರಿಸಿದರೇ, ಉತ್ತರವೇನು ಎಂಬುದನ್ನು ಅದೇ ಪುಟದಲ್ಲಿ ತೋರಿಸಲು ಆರಂಭಿಸಿತು. ಮೂಲ ಸಂಸ್ಥೆ ತಪ್ಪನ್ನು ಒಪ್ಪಿದರೆ ತಿದ್ದುಪಡಿ ವಿವರ ಸಲ್ಲಿಸಬೇಕು, ಒಪ್ಪದಿದ್ದರೆ ನಿರಾಕರಿಸಬಹುದು. ಅಣ್ಣನ ಉದಾಹರಣೆಯಲ್ಲಿ ಪಾವತಿಸಿದವರು ತಮ್ಮ ಪುಸ್ತಕ ನೋಡಿ ‘ನಾವು ಕೊಟ್ಟದ್ದು 2,52,000, ಕರಾರೂ ಅವರ ಹೆಸರಿನಲ್ಲಿದೆ’ ಎಂದು ಉತ್ತರಿಸಿದರೆ ಅವರ ಮಟ್ಟಿಗೆ ಅದು ಸತ್ಯವೇ. ಆದ್ದರಿಂದ ಪ್ರತಿಕ್ರಿಯೆಯೊಂದನ್ನೇ ನೆಚ್ಚದೆ ಪಾವತಿಸುವ ಕಚೇರಿಗೆ ಲಿಖಿತವಾಗಿ ಹೋಗುವುದು ಅಗತ್ಯ.

ಅದಕ್ಕೆ ದಾರಿ ಆದಾಯ ತೆರಿಗೆ ನಿಯಮಗಳ 37ಬಿಎ ನಿಯಮದಲ್ಲಿದೆ. ಆದಾಯ ಬೇರೊಬ್ಬರದಾಗಿದ್ದರೆ, ಆ ವ್ಯಕ್ತಿಯ ಹೆಸರು, ವಿಳಾಸ, ಪ್ಯಾನ್, ಮೊತ್ತ ಮತ್ತು ಅವರಿಗೇಕೆ ತೆರಿಗೆಯ ಜಮೆ ಸಲ್ಲಬೇಕು ಎಂಬ ಕಾರಣವನ್ನು ಬರೆದು ತೆರಿಗೆ ಮುರಿದವರಿಗೆ ಘೋಷಣೆ ಕೊಡಬಹುದು. ಅವರು ಅದರಂತೆ ವರದಿ ಮಾಡಿದರೆ 25,200ರ ಪೈಕಿ ತಲಾ 8,400 ತಮ್ಮಂದಿರ ಪ್ಯಾನ್‌ಗೆ ಸೇರುತ್ತದೆ. ಬೇರೆ ತೆರಿಗೆಯುಕ್ತ ಆದಾಯವಿಲ್ಲದ ಆ ತಮ್ಮಂದಿರು ರಿಟರ್ನ್ ಸಲ್ಲಿಸಿ ಅಷ್ಟನ್ನೂ ಮರಳಿ ಪಡೆಯಬಹುದು. ಘೋಷಣೆ ತಡವಾಗಿದ್ದರೆ ರಿಟರ್ನ್‌ನ ಟಿಡಿಎಸ್ ಪಟ್ಟಿಯಲ್ಲಿಯೇ ಈ ಜಮೆ ಬೇರೊಬ್ಬರಿಗೆ ಸೇರಿದ್ದೆಂದು ಅವರ ಪ್ಯಾನ್‌ನೊಂದಿಗೆ ಅಣ್ಣ ತೋರಿಸಲು ಅವಕಾಶವಿದೆ. ಆದರೆ ಐಟಿಆರ್-1 ಎಂಬ ಸರಳ ನಮೂನೆಯಲ್ಲಿ ಆ ಅವಕಾಶವಿಲ್ಲ, ಐಟಿಆರ್-2 ಬಳಸಬೇಕು. ಟಿಡಿಎಸ್ ಮೊತ್ತದಲ್ಲಿ ಎಐಎಸ್‌ಗೂ ಫಾರಂ 26ಎಎಸ್‌ಗೂ ವ್ಯತ್ಯಾಸ ಕಂಡರೆ, ಟ್ರೇಸಸ್ ಜಾಲತಾಣದ 26ಎಎಸ್ ಅನ್ನೇ ನಂಬಬೇಕೆಂಬುದು ಇಲಾಖೆಯದೇ ಸೂಚನೆ.

ರಿಟರ್ನ್ ಸಲ್ಲಿಸಿದ ನಂತರ

ತಿದ್ದಿದ ಅಂಕಿಯಂತೆ ರಿಟರ್ನ್ ಸಲ್ಲಿಸಿದ ಮೇಲೂ ಇಲಾಖೆ ವ್ಯತ್ಯಾಸದ ಬಗ್ಗೆ ಕೇಳಬಹುದು. 2021ರ ಇ-ಪರಿಶೀಲನಾ ಯೋಜನೆಯಡಿ ಪ್ರಶ್ನೆಯೂ ಉತ್ತರವೂ ಜಾಲತಾಣದ ಮೂಲಕವೇ ನಡೆಯುತ್ತವೆ, ಕಡತ ಸಿದ್ಧವಿದ್ದವರು ಕಚೇರಿಗೆ ಅಲೆಯಬೇಕಾಗಿಲ್ಲ. ಆದರೆ ನಿಜವಾದ ಆದಾಯವನ್ನು ತಪ್ಪೆಂದು ಗುರುತಿಸಿ ಕಡಿಮೆ ತೋರಿಸಿದ್ದರೆ, 270ಎ ಕಲಮಿನಡಿ ಆ ಭಾಗದ ತೆರಿಗೆಯ ಶೇ 50ರಷ್ಟು, ಬೇಕೆಂದೇ ತಪ್ಪು ಮಾಹಿತಿ ಕೊಟ್ಟಿದ್ದರೆ ಶೇ 200ರಷ್ಟು ದಂಡ ಬೀಳಬಹುದು. ಹಾಗೆಯೇ ಎಐಎಸ್‌ನಲ್ಲಿ ಕಾಣದ ಆದಾಯಕ್ಕೂ ವಿನಾಯಿತಿ ಇಲ್ಲ. 2025ರ ಏಪ್ರಿಲ್‌ನಿಂದ ಬಾಡಿಗೆಯ ಟಿಡಿಎಸ್ ಮಿತಿ ತಿಂಗಳಿಗೆ 50,000 ರೂಪಾಯಿಯ ಲೆಕ್ಕಕ್ಕೆ ಬದಲಾಗಿರುವುದರಿಂದ ಕೆಲವರ ಸೌರ ಬಾಡಿಗೆ ಟಿಡಿಎಸ್ ಸಾಲಿನಲ್ಲಿ ಕಾಣದೆಯೇ ಹೋಗಬಹುದು, ಆದರೂ ಅದನ್ನು ರಿಟರ್ನ್‌ನಲ್ಲಿ ಬರೆಯಲೇಬೇಕು.

ಪ್ರತಿಕ್ರಿಯೆ ಕೊಟ್ಟರೂ ಎಐಎಸ್‌ನಿಂದ ಹಳೆಯ ಅಂಕಿ ಅಳಿಯುವುದಿಲ್ಲ. ಮೂಲ ಸಂಸ್ಥೆ ತಿದ್ದುವವರೆಗೆ ವರದಿಯಾದ 2,52,000 ಒಂದು ಕಡೆ, ತೆರಿಗೆದಾರ ತಿದ್ದಿದ 84,000 ಇನ್ನೊಂದು ಕಡೆ ಅಕ್ಕಪಕ್ಕದಲ್ಲೇ ಉಳಿಯುತ್ತವೆ, ಅಧಿಕಾರಿಗೆ ಎರಡೂ ಕಾಣುತ್ತವೆ. ಪಾವಗಡದ ಗುತ್ತಿಗೆ 28 ವರ್ಷಗಳದ್ದು. ಖಾತೆ ಪಾಲಿನಂತೆ ಬದಲಾಗದಿದ್ದರೆ ಇದೇ ಸಾಲು ಪ್ರತಿ ಜೂನ್‌ನಲ್ಲಿಯೂ ಅಣ್ಣನ ಪ್ಯಾನ್‌ನಲ್ಲಿಯೇ ಮೂಡುತ್ತದೆ. ಆದ್ದರಿಂದ ಈ ವರ್ಷದ ಪ್ರತಿಕ್ರಿಯೆಯ ಸ್ವೀಕೃತಿಯನ್ನು ವಿಭಾಗ ಪತ್ರದ ಜೊತೆ ಇಟ್ಟು, ಮುಂದಿನ ಕಂತು ಬರುವ ಮೊದಲೇ ನಾಡಕಚೇರಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಡುವುದು ಅಂತಹ ಕುಟುಂಬಗಳು ಮಾಡಬೇಕಾದ ಕೆಲಸ.